ಮೊಳ ಹಾಕಿದ್ದು ತಪ್ಪಲ್ಲ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.’ ಈ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಇನ್ನೊಬ್ಬರ ಬಾಯಿ ಮುಚ್ಚಿಸಲು. ಪುಕ್ಕಟೆ ಸಿಕ್ಕಿದ್ದನ್ನು ಸುಮ್ಮನೆ ತೆಗೆದುಕೋ, ಉದ್ದ ಗಿಡ್ಡ ನೋಡಬೇಡ ಎಂಬುದು ರೂಢಿಯ ಅರ್ಥ. ಆದರೆ ಗಾದೆ ನಗುವುದು ಅಳತೆಯನ್ನು ಕಂಡೋ, ಕದ್ದು ಅಳೆದದ್ದನ್ನು ಕಂಡೋ? ಒಂದು ಪುಟ್ಟ ಕಥೆ ಕಟ್ಟಿ ನೋಡಬಹುದು.

ನಾಗರ ಪಂಚಮಿಗೆ ತವರಿಗೆ ಬಂದ ಅಕ್ಕನಿಗೆ ತಮ್ಮ ಇಳಕಲ್ ಸೀರೆ ತರುತ್ತಾನೆ. ಅವಳು ಸದಾ ಉಡುವ ಬಣ್ಣ, ಅವಳಿಗೆ ಇಷ್ಟವಾದ ಗೋಮಿ ದಡಿ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ, ಎಲ್ಲವನ್ನೂ ನೆನಪಿಟ್ಟು ಆರಿಸಿದ್ದಾನೆ. ತಪ್ಪಿದ್ದು ಉದ್ದ ಮಾತ್ರ. ಅಕ್ಕ ಉಡುವುದು ಕಚ್ಚೆ. ಅದಕ್ಕೆ ಹದಿನೆಂಟು ಮೊಳ, ಅಂದರೆ ಒಂಬತ್ತು ವಾರ ಬೇಕು. ಇವನು ತಂದದ್ದು ಆರು ವಾರದ್ದು. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಸೇರಿಸಿ ನೇಯುವುದರಿಂದ ಉದ್ದ ಮಗ್ಗದ ಮೇಲೆಯೇ ನಿಶ್ಚಯವಾಗಿರುತ್ತದೆ. ಆಮೇಲೆ ಬೆಳೆಸಲು ಬರುವುದಿಲ್ಲ. ಅಕ್ಕ ಎಲ್ಲರೆದುರೇ ಸೀರೆ ಬಿಡಿಸಿ ಮೊಳ ಹಾಕುತ್ತಾಳೆ. ಹನ್ನೆರಡಕ್ಕೇ ಸೆರಗು ಮುಗಿಯುತ್ತದೆ. “ಕಚ್ಚೀಗೆ ಸಾಲಂಗಿಲ್ಲೋ ತಮ್ಮಾ, ಮುಂದಿನ ಸಲ ಹದಿನೆಂಟು ಮೊಳದ್ದು ತಾ” ಎಂದು ನಕ್ಕು, ಅದನ್ನೇ ನಿರಿಗೆ ಹಿಡಿದು ಉಟ್ಟು ಜೋಕಾಲಿಗೆ ಹೋಗುತ್ತಾಳೆ.

ಅವಳು ಕೊರತೆಯನ್ನು ಕಾಣದೆ ಸೀರೆಯನ್ನು ಮೆಚ್ಚಿದವಳಲ್ಲ. ಅಳೆದು, ಹೇಳಿ, ಆಮೇಲೆ ಉಟ್ಟವಳು. ತಮ್ಮನ ಮನಸ್ಸು ನೋಯಬಾರದೆಂದು ಸುಮ್ಮನಿರುವುದೇ ಮೇಲಲ್ಲವೇ ಎಂದು ಕೇಳಬಹುದು. ಸುಮ್ಮನಿದ್ದರೆ ಸೀರೆ ಟ್ರಂಕಿನ ತಳ ಸೇರುತ್ತದೆ, ಮರುವರ್ಷ ಅದೇ ಅಳತೆಯದು ಇನ್ನೊಂದು ಬರುತ್ತದೆ. ಮುಂದೆ ಮೆಚ್ಚಿ, ಹಿಂದೆ ಮೊಳ ಹಾಕಿ ಕೊಟ್ಟವನನ್ನು ಹಳಿಯುವುದು ಗಾದೆಯ ಹಿತ್ತಲು. ಅಕ್ಕ ಅಲ್ಲಿಗೆ ಹೋಗಲೇ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹೀಗೆಲ್ಲ ಒಪ್ಪಿಕೊಂಡರೆ ಬೇಡದ್ದನ್ನು ದಾಟಿಸುವವರಿಗೆ ದಾರಿಯಾಗುವುದಿಲ್ಲವೇ? ಕಠೋಪನಿಷತ್ತಿನ ನಚಿಕೇತನನ್ನು ಕಾಡಿದ್ದೂ ಇದೇ. ಹಾಲು ಬತ್ತಿದ, ಇನ್ನು ಕರು ಹಾಕಲಾರದ ಹಸುಗಳನ್ನು ತಂದೆ ದಾನ ಕೊಡುವುದನ್ನು ಕಂಡು ಅವನು ಸುಮ್ಮನಿರಲಿಲ್ಲ. ಆದರೆ ಅವನು ಪ್ರಶ್ನಿಸಿದ್ದು ಕೊಡುವವರ ಮನೆಯೊಳಗೆ ನಿಂತು. ಕೊಡುವ ಕಡೆಯವರು ಅಳೆಯಲೇಬೇಕು. ಗಾದೆ ಅವರಿಗೆ ರಿಯಾಯಿತಿ ಕೊಡುವುದಿಲ್ಲ. ಎರಡು ತಪ್ಪುಗಳ ವ್ಯತ್ಯಾಸವೂ ವಸ್ತುವಿನಲ್ಲೇ ಕಾಣುತ್ತದೆ. ಆ ಹಸುಗಳನ್ನು ಪಡೆಯುವವರ ಅಗತ್ಯ ನೋಡಿ ಆರಿಸಿರಲಿಲ್ಲ. ಈ ಸೀರೆಯಲ್ಲಿ ಬಣ್ಣ, ದಡಿ, ಸೆರಗು ಮೂರೂ ಅಕ್ಕನವೇ. ತಮ್ಮನಿಗೆ ಗೊತ್ತಿಲ್ಲದ್ದು ಉಡುವವರಿಗಷ್ಟೇ ಗೊತ್ತಿರುವ ಲೆಕ್ಕ. ಅದನ್ನು ತಿಳಿಸಿಕೊಡಬೇಕಾದವಳು ಅಕ್ಕನೇ, ತಿಳಿಯಬೇಕಾದರೆ ಮೊಳ ಹಾಕಲೇಬೇಕು.