ಹಗ್ಗ ಅಷ್ಟೇ ಇದೆ, ನೆಲ ಎಲ್ಲಿ ಹೋಯಿತು?

ಮಂಡ್ಯ ಸೀಮೆಯಲ್ಲಿ ಗುಂಟೆ ಎಂಬ ಮಾತು ಕೇಳದೆ ಬೆಳೆದ ಮಕ್ಕಳು ಕಡಿಮೆ. ಚೌಕವಾಗಿದ್ದರೆ ಉದ್ದ 33 ಅಡಿ, ಅಗಲವೂ ಅಷ್ಟೇ. ಒಳಗೆ 1089 ಚದರಡಿ, ಸುತ್ತ 132 ಅಡಿ. ಆ 132 ಅಡಿಯ ಹಗ್ಗವನ್ನೇ ಎಳೆದು 44ಕ್ಕೆ 22ರ ಆಯತ ಮಾಡಿ. ಒಳಗೆ 968 ಚದರಡಿ. 60ಕ್ಕೆ 6 ಮಾಡಿದರೆ 360. 65ಕ್ಕೆ 1 ಮಾಡಿದರೆ ಬರೀ 65. ಹಗ್ಗ ಒಂದು ಅಂಗುಲವೂ ಸವೆದಿಲ್ಲ. ಲೆಕ್ಕ ಎಷ್ಟು ಸಲ ಮಾಡಿದರೂ ನನಗೆ ಈ ಬೆರಗು ತೀರುವುದಿಲ್ಲ.

ಮಕ್ಕಳು ಸುತ್ತಳತೆಯನ್ನೂ ವಿಸ್ತೀರ್ಣವನ್ನೂ ಕಲಸಿಕೊಳ್ಳುವುದಕ್ಕೆ ಪಾಠ ಹೇಳುವ ರೀತಿಯೂ ಕಾರಣ. ಅದೇ ಆಯತ, ಅದೇ ಉದ್ದ ಅಗಲ. ಒಂದು ಕಡೆ ಕೂಡಿ ಎರಡರಿಂದ ಗುಣಿಸು, ಇನ್ನೊಂದು ಕಡೆ ನೇರ ಗುಣಿಸು. ನಾಲ್ಕಕ್ಕೆ ನಾಲ್ಕರ ಚೌಕ ಕೊಟ್ಟರಂತೂ ಮುಗಿಯಿತು, ಎರಡಕ್ಕೂ ಉತ್ತರ 16. ಆದರೆ ಬೇರು ಇನ್ನೂ ಆಳದಲ್ಲಿದೆ. ಅಂಚಿನ ಮೇಲೆ ನಡೆಯಬಹುದು, ಬೆರಳಾಡಿಸಬಹುದು. ಒಳಗಿನ ಹರವು ಹಾಗೆ ಕೈಗೆ ಸಿಗುವುದಿಲ್ಲ, ಚೌಕಗಳನ್ನು ಹಾಸಿಯೇ ಕಾಣಬೇಕು. ಹಾಗಾಗಿ ಅಂಚು ಹೆಚ್ಚಿದರೆ ಒಳಗೂ ಹೆಚ್ಚುತ್ತದೆ ಎಂದು ಮನಸ್ಸು ತಾನೇ ನಿರ್ಧರಿಸಿಬಿಡುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ: ಸುತ್ತಳತೆ ನೋಡಿ ಊರಿನ ದೊಡ್ಡಸ್ತಿಕೆ ಅಳೆಯುವವರನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಗೇಲಿ ಮಾಡಿದ್ದ.

ಮಗುವಿನಲ್ಲಿ ಈ ನಂಬಿಕೆ ಇದೆಯೇ ಎಂದು ತಿಳಿಯಲು ಸೂತ್ರ ಕೇಳಿ ಉಪಯೋಗವಿಲ್ಲ. ಸೂತ್ರ ಬಾಯಿಪಾಠವಿದ್ದೇ ಇರುತ್ತದೆ. ಚೌಕಳಿ ಹಾಳೆಯಲ್ಲಿ 8ಕ್ಕೆ 5ರ ಆಯತ ಕತ್ತರಿಸಿಕೊಡಿ. ಒಂದು ಮೂಲೆಯಿಂದ 2ಕ್ಕೆ 2ರ ಚೌಕ ತೆಗೆಯಲು ಹೇಳಿ. ಹೊಲದ ಮೂಲೆಯನ್ನು ಪಂಪ್‌ಹೌಸಿಗೆ ಬಿಟ್ಟ ಹಾಗೆ. ಕತ್ತರಿ ಆಡಿಸುವ ಮೊದಲೇ ಕೇಳಿ: ಸುತ್ತಳತೆ ಏನಾಗುತ್ತದೆ? ಹೆಚ್ಚಿನವರು ಕಡಿಮೆಯಾಗುತ್ತದೆ ಎನ್ನುತ್ತಾರೆ. ಕತ್ತರಿಸಿ ಎಣಿಸಿದರೆ ಮೊದಲೂ 26, ಈಗಲೂ 26. ಹೋದ ಎರಡು ಅಂಚುಗಳ ಬದಲಿಗೆ ಅಷ್ಟೇ ಉದ್ದದ ಎರಡು ಹೊಸ ಅಂಚು ಒಳಗೆ ಹುಟ್ಟಿಕೊಂಡಿವೆ. ವಿಸ್ತೀರ್ಣ ಮಾತ್ರ 40ರಿಂದ 36ಕ್ಕೆ ಇಳಿದಿದೆ. ಆಗ ಮಗು ಹಾಳೆ ತಿರುಗಿಸಿ ಮತ್ತೆ ಎಣಿಸುತ್ತದಲ್ಲ, ಎರಡು ಅಳತೆ ಬೇರೆಯಾಗುವುದು ಅಲ್ಲಿ.

ತಿರುಗುಮುರುಗಾಗಿಯೂ ನೋಡಬೇಕು, ಇಲ್ಲದಿದ್ದರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಮದ್ದೂರು, ಮಳವಳ್ಳಿ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಎಲ್ಲರಿಗೂ ನಾಲೆ ನೀರು ತಾಗಲೆಂದು ಗದ್ದೆಯನ್ನು ಉದ್ದುದ್ದ ಸೀಳಿದರು ಅನ್ನಿ. 99 ಅಡಿ ಉದ್ದ, 11 ಅಡಿ ಅಗಲದ ಪಟ್ಟಿ. ಇದೂ ಸರಿಯಾಗಿ ಒಂದು ಗುಂಟೆಯೇ, ಆದರೆ ಸುತ್ತ 220 ಅಡಿ. ಒಳಗಡೆ ಒಂದಡಿ ಬದು ಹಾಕಿದರೆ ಚೌಕ ಗುಂಟೆಯಲ್ಲಿ ನಾಟಿಗೆ 961 ಚದರಡಿ ಸಿಗುತ್ತದೆ, ಈ ಪಟ್ಟಿಯಲ್ಲಿ 873. ಪಹಣಿಯಲ್ಲಿ ಮಾತ್ರ ಎರಡೂ ಒಂದೊಂದು ಗುಂಟೆ.