ಬಾರದ ಅಂಕ ಸೊನ್ನೆಯಲ್ಲ

ಹಾನಗಲ್‌ನ ಕಾಲೇಜೊಂದರ ವಿದ್ಯಾರ್ಥಿನಿಯ ಅಂಕಗಳನ್ನು ಊಹಿಸಿಕೊಳ್ಳೋಣ. ಕಿರುಪರೀಕ್ಷೆಗೆ ಶೇ. 20, ಅಸೈನ್‌ಮೆಂಟಿಗೆ 10, ಪ್ರಾಕ್ಟಿಕಲ್‌ಗೆ 20, ಕೊನೆಯ ಪರೀಕ್ಷೆಗೆ 50 ವೇಟೇಜ್. ಈವರೆಗೆ ಬಂದಿರುವುದು ಎರಡೇ: ಕಿರುಪರೀಕ್ಷೆಯಲ್ಲಿ 60, ಅಸೈನ್‌ಮೆಂಟಿನಲ್ಲಿ 90, ಎರಡೂ ನೂರಕ್ಕೆ. ವೇಟೇಜಿನಿಂದ ಗುಣಿಸಿದರೆ 12 ಮತ್ತು 9, ಒಟ್ಟು 21. ಇದನ್ನೇ ಸರಾಸರಿ ಎಂದರೆ ಅವಳು ನಪಾಸಾಗುವ ಹಾದಿಯಲ್ಲಿದ್ದಾಳೆಂದು ತೋರುತ್ತದೆ. ಬಾರದ ಅಂಕವನ್ನು ಸೊನ್ನೆಯೆಂದು ಎಣಿಸಿದ್ದರ ಫಲ ಇದು. ಮುಗಿದಿರುವ ವೇಟೇಜ್ 30 ಮಾತ್ರ, 21ನ್ನು 0.30ರಿಂದ ಭಾಗಿಸಿದರೆ 70. ಇದು ಅವಳ ಇಂದಿನ ಸರಾಸರಿ.

ಆದರೆ ಈ 70 ಕೂಡ ಒಂದು ಊಹೆಯನ್ನು ಹೊತ್ತಿದೆ: ಉಳಿದ 70 ಶೇಕಡ ವೇಟೇಜಿನಲ್ಲೂ ಹೀಗೇ ನಡೆಯುತ್ತದೆ ಎಂಬ ಊಹೆ. ಕೈಯಲ್ಲಿರುವುದು 21 ಅಂಕ. 70 ಎಂಬುದು ಈವರೆಗಿನ ಮಟ್ಟ. ಕೊನೆಗೆ 75 ಬೇಕೆಂದರೆ ಉಳಿದ ಭಾಗದಲ್ಲಿ ಅವಳು ಸರಾಸರಿ 77ಕ್ಕೂ ತುಸು ಹೆಚ್ಚು ಪಡೆಯಬೇಕು. 21 ಮತ್ತು 70, ಎರಡೂ ಸಂಖ್ಯೆಗಳನ್ನು ತೋರಿಸಿದರಷ್ಟೇ ಅವಳಿಗೆ ಪೂರ್ಣ ಸತ್ಯ ಸಿಕ್ಕಂತೆ.

2021ರಲ್ಲಿ ಇಡೀ ರಾಜ್ಯವೇ ಇಂಥ ಊಹೆಯ ಮೇಲೆ ನಿಂತಿತು. ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆ ರದ್ದಾದಾಗ ಎಸ್ಸೆಸ್ಸೆಲ್ಸಿ ಅಂಕಗಳಿಗೆ 45, ಪ್ರಥಮ ಪಿಯುಗೆ 45, ದ್ವಿತೀಯ ಪಿಯು ಆಂತರಿಕ ಮೌಲ್ಯಮಾಪನಕ್ಕೆ 10 ಶೇಕಡ ಕೊಟ್ಟು ಫಲಿತಾಂಶ ಕಟ್ಟಲಾಯಿತು. ನಡೆಯದ ಪರೀಕ್ಷೆಯ ಜಾಗವನ್ನು ಹಿಂದಿನ ಸಾಧನೆ ತುಂಬಿತು. ತೃಪ್ತಿಯಿಲ್ಲದವರಿಗೆ ಪರೀಕ್ಷೆ ಬರೆಯುವ ಅವಕಾಶ ಉಳಿಸಿದ್ದೇ ಅದರ ನ್ಯಾಯ: ಊಹೆಯನ್ನು ಪ್ರಶ್ನಿಸುವ ದಾರಿ ತೆರೆದಿತ್ತು.

ವೇಟೇಜುಗಳ ಮೊತ್ತ ನೂರನ್ನು ಮೀರಿದಾಗ ಪ್ರಶ್ನೆ ಇನ್ನೂ ಗಂಭೀರ. 20, 30, 50 ಇರಬೇಕಾದಲ್ಲಿ ಯಾರೋ ಕೈತಪ್ಪಿ 30, 30, 50 ಬರೆದರು ಎನ್ನೋಣ. ಅಂಕಗಳು ಕ್ರಮವಾಗಿ 90, 60, 50. ಸರಿಯಾದ ಸರಾಸರಿ 61. ತಪ್ಪು ವೇಟೇಜಿನಿಂದ 70 ಬರುತ್ತದೆ, ಅದನ್ನು 1.10ರಿಂದ ಭಾಗಿಸಿದರೆ 63.6. ನೋಡಲು ಸಹಜವಾಗಿರುವುದರಿಂದಲೇ ಇದು ಅಪಾಯಕಾರಿ. ಭಾಗಾಕಾರವು ತಪ್ಪನ್ನು ತಿದ್ದಲಿಲ್ಲ, ಮುಚ್ಚಿತು. ಆದ್ದರಿಂದ ವೇಟೇಜುಗಳನ್ನು ಮೊದಲು ಕೂಡಿ ನೋಡಬೇಕು.

ಆ ಹೆಚ್ಚುವರಿ ಬೇಕೆಂದೇ ಇಟ್ಟ ಬೋನಸ್ ಆಗಿದ್ದರೆ? ನೂರರ ಮೇಲೆ 5 ಶೇಕಡದ ಐಚ್ಛಿಕ ಕೆಲಸವಿದೆ. ಒಬ್ಬಳು ಅದನ್ನು ಮಾಡದೆ ಉಳಿದೆಲ್ಲದರಲ್ಲಿ 80 ಪಡೆದಳು. 1.05ರಿಂದ ಭಾಗಿಸಿದರೆ ಅವಳಿಗೆ ಸಿಗುವುದು 76.2. ಐಚ್ಛಿಕವೆಂದು ಹೇಳಿದ್ದು ದಂಡವಾಯಿತು. ಬೋನಸ್ ಗಳಿಸಿದ ಅಂಕಕ್ಕೆ ಸೇರಬೇಕು, ಭಾಜಕಕ್ಕಲ್ಲ.

ಭಾಗಿಸುವ ಲೆಕ್ಕ ಎಲ್ಲ ಕಡೆಯೂ ಒಂದೇ. ಮೊತ್ತ ನೂರಾಗದಿರುವ ಕಾರಣ ಮಾತ್ರ ಬೇರೆ ಬೇರೆ. ಬಾಕಿಯಿದ್ದರೆ ಭಾಗಿಸಿ, ತಪ್ಪಿದ್ದರೆ ತಿದ್ದಿ, ಬೋನಸ್ ಆದರೆ ಹಾಗೇ ಬಿಡಿ. ಗೈರುಹಾಜರಾಗಿ ಪಡೆದ ಸೊನ್ನೆ ಮಾತ್ರ ನಿಜವಾದ ಸೊನ್ನೆ. ಅದರ ವೇಟೇಜ್ ಭಾಜಕದಲ್ಲಿ ಇರಲೇಬೇಕು. ಈ ವ್ಯತ್ಯಾಸವನ್ನು ಸೂತ್ರ ತಾನಾಗಿ ಅರಿಯದು. ಅಂಕ ಬರೆಯುವವರೇ ಖಾಲಿ ಮನೆಯನ್ನೂ ಸೊನ್ನೆಯನ್ನೂ ಬೇರೆಯಾಗಿ ದಾಖಲಿಸಬೇಕು.