ತಡವೆಂದರೆ ಯಾರಿಗೆ ತಡ?

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಜಗಳ ಹೊಸತಲ್ಲ. ಒಂದು ಖಾಸಗಿ ಬಸ್ಸು ತನ್ನ ಸಮಯ ಮುಗಿದ ಮೇಲೂ ಇನ್ನೂ ನಾಲ್ಕು ಜನ ಹತ್ತಲಿ ಎಂದು ನಿಂತಿರುತ್ತದೆ. ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ಕೈಗಡಿಯಾರ ತೋರಿಸುತ್ತಾನೆ. ಟೈಮ್ ಕೀಪರ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಡುವೆ ಬರುತ್ತಾರೆ. ಎರಡು ನಿಮಿಷಕ್ಕೆ ಇಷ್ಟು ಗದ್ದಲವೇ ಎಂದು ಹೊರಗಿನವರಿಗೆ ಅನ್ನಿಸೀತು. ಆದರೆ ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳ ಪರ್ಮಿಟ್ಟಿನಲ್ಲಿ ಸಮಯವೆಂದರೆ ಆಸ್ತಿ ಇದ್ದಂತೆ. ಮುಂದಿನವನು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನವನಿಗೆ ಸೇರಬೇಕಾದ ಜನ ಮುಂದಿನ ಬಸ್ಸಿಗೆ ಹತ್ತುತ್ತಾರೆ.

ಚಿಕ್ಕಂದಿನಿಂದ ಈ ಜಗಳ ನೋಡಿದ ನನಗೆ ಅದರಲ್ಲಿದ್ದ ಒಂದು ವಿಚಿತ್ರ ಕಂಡದ್ದು ತೀರಾ ಈಚೆಗೆ. ಅಲ್ಲಿ ತಡವೆಂಬುದು ಒಂದು ಅನ್ಯಾಯ, ಸರಿ. ಆದರೆ ಅನ್ಯಾಯ ಆದದ್ದು ಇನ್ನೊಂದು ಬಸ್ಸಿಗೆ. ಕೊಡೆ ಮಡಚಿ ಚೀಲ ಹಿಡಿದು ನಿಂತ ನಾವು ಆ ವ್ಯಾಜ್ಯದಲ್ಲಿ ಕಕ್ಷಿದಾರರೇ ಅಲ್ಲ.

ಅದು ಕಂಡದ್ದು ಸ್ವಿಟ್ಜರ್ಲೆಂಡಿನ ದಾರಿಯಾಗಿ. ನನ್ನ ಪಿಎಚ್‌ಡಿ ಕೆಲಸಕ್ಕೆ ಬಸ್ಸು ರೈಲುಗಳ ದಿನದಿನದ ವಿಳಂಬದ ಮಾಹಿತಿ ಬೇಕಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಓಡುವ ಬಸ್ಸುಗಳ ಲೆಕ್ಕ ಟೈಮ್ ಕೀಪರುಗಳ ಪುಸ್ತಕ ದಾಟಿ ನನ್ನ ಕೈಗೆ ಬರಲಿಲ್ಲ. ಸ್ವಿಸ್ ಸಾರಿಗೆ ವ್ಯವಸ್ಥೆಯಾದರೋ ಹಿಂದಿನ ದಿನ ಓಡಿದ ರೈಲು, ಬಸ್ಸು, ಟ್ರಾಮ್‌ಗಳ ಲೆಕ್ಕವನ್ನು ಪ್ರತಿದಿನ opentransportdata.swiss ತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುತ್ತದೆ. ಆ ಕಡತದ ಹೆಸರು Ist-Daten. ಒಂದು ವಾಹನ ಒಂದು ನಿಲ್ದಾಣದಲ್ಲಿ ನಿಂತದ್ದಕ್ಕೆ ಒಂದು ಸಾಲು. ಬರಬೇಕಾದ ಸಮಯ ANKUNFTSZEIT ಎಂಬ ಅಂಕಣದಲ್ಲಿ, ಬಂದ ಸಮಯ AN_PROGNOSE ಎಂಬುದರಲ್ಲಿ. ಒಂದರಿಂದ ಇನ್ನೊಂದನ್ನು ಕಳೆದರೆ ವಿಳಂಬ ಸಿಗುತ್ತದೆ. ಇದರಿಂದ ಒಂದು ಡ್ಯಾಶ್‌ಬೋರ್ಡ್ ಮಾಡಿದೆ, ಎಂದರೆ ದಿನಕ್ಕೊಮ್ಮೆ ತಾನೇ ಬದಲಾಗುವ ಒಂದು ಪುಟ. ಅದರ ನೆತ್ತಿಯ ಮೇಲೆ ಹಸಿರು ಬಣ್ಣದ ದೊಡ್ಡ ಅಂಕಿ: ಶೇಕಡಾ ಇಷ್ಟು ಸಮಯಕ್ಕೆ ಸರಿಯಾಗಿ. ಅದನ್ನು ಹುಟ್ಟಿಸಿದ್ದು ಈ ಎರಡು ಸಾಲು.

```python
d = d.dropna(subset=["AN_PROGNOSE"])
ok = (d["delay"] < 180).mean()
```

ಎರಡನೆಯ ಸಾಲಿನ 180 ಸೆಕೆಂಡು ನನ್ನ ಕಲ್ಪನೆಯಲ್ಲ. ಸ್ವಿಸ್ ರೈಲ್ವೆಯಲ್ಲಿ ಮೂರು ನಿಮಿಷದೊಳಗೆ ಬಂದದ್ದು ತಡವಲ್ಲ. ಜರ್ಮನಿಯಲ್ಲಿ ಆರು ನಿಮಿಷದೊಳಗೆ. ನಮ್ಮ ಭಾರತೀಯ ರೈಲ್ವೆ ಹದಿನೈದು ನಿಮಿಷದವರೆಗೆ ರಿಯಾಯಿತಿ ಕೊಡುತ್ತದೆ, ಅದನ್ನೂ ಕೊನೆಯ ನಿಲ್ದಾಣದಲ್ಲಿ ನೋಡುತ್ತದೆ. ಹತ್ತು ನಿಮಿಷ ತಡವಾದ ಒಂದೇ ರೈಲು ಎರಡು ದೇಶಗಳಲ್ಲಿ ತಪ್ಪಿತಸ್ಥ, ಒಂದರಲ್ಲಿ ನಿರ್ದೋಷಿ. ಇದರಲ್ಲಿ ನನಗೆ ದೊಡ್ಡ ತಕರಾರಿಲ್ಲ. ಎಲ್ಲಿಯೋ ಒಂದು ಗೆರೆ ಎಳೆಯಲೇಬೇಕು. ಕೊನೆಯ ನಿಲ್ದಾಣದ ವಿಷಯ ಮಾತ್ರ ಬೇರೆ. ವೇಳಾಪಟ್ಟಿ ಮಾಡುವವರು ಕೊನೆಯ ಹಾದಿಗೆ ಸ್ವಲ್ಪ ಹೆಚ್ಚು ಸಮಯ ಕೊಟ್ಟಿರುತ್ತಾರೆ. ಹಾಗಾಗಿ ಬಂಟ್ವಾಳ ನಿಲ್ದಾಣಕ್ಕೆ ಇಪ್ಪತ್ತೈದು ನಿಮಿಷ ತಡವಾಗಿ ಬಂದ ರೈಲು ಮಂಗಳೂರು ಮುಟ್ಟುವಾಗ ಸಜ್ಜನನಾಗಿರಬಹುದು. ಬಂಟ್ವಾಳದಲ್ಲಿ ಇಳಿದವನು ಕಳೆದುಕೊಂಡ ಇಪ್ಪತ್ತೈದು ನಿಮಿಷ ಆಗ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ನನ್ನ ನಿಜವಾದ ತಪ್ಪು ಇದ್ದದ್ದು ಮೊದಲ ಸಾಲಿನಲ್ಲಿ. ಹೊರಡುವ ನಿಲ್ದಾಣಕ್ಕೆ ಬಂದ ಸಮಯವೆಂಬುದು ಇರುವುದಿಲ್ಲ, ಆ ಜಾಗ ಖಾಲಿ. ಅಂಥ ಸಾಲುಗಳು ಲೆಕ್ಕ ಕೆಡಿಸಬಾರದೆಂದು dropna ಹಾಕಿ ಖಾಲಿ ಇದ್ದವನ್ನೆಲ್ಲ ತೆಗೆದಿದ್ದೆ. ಎಲ್ಲರೂ ಮಾಡುವ ಕೆಲಸವೇ. ಒಂದು ದಿನ ತೆಗೆದುಹಾಕಿದ ಸಾಲುಗಳನ್ನು ಸುಮ್ಮನೆ ತೆರೆದು ನೋಡಿದೆ. ಅವುಗಳಲ್ಲಿ ಕೆಲವಕ್ಕೆ FAELLT_AUS_TF ಎಂಬ ಅಂಕಣದಲ್ಲಿ true ಎಂದಿತ್ತು. ಎಂದರೆ ಆ ಪ್ರಯಾಣ ರದ್ದಾಗಿತ್ತು. ಓಡದ ಬಸ್ಸಿಗೆ ಬಂದ ಸಮಯ ಎಲ್ಲಿಂದ ಬರಬೇಕು? ಹೀಗೆ ರದ್ದಾದವು ಭಾಗಿಸುವ ಸಂಖ್ಯೆಯಿಂದಲೇ ಮಾಯವಾಗಿದ್ದವು. ಹತ್ತು ನಿಮಿಷ ತಡವಾಗಿ ಬಂದದ್ದು ನನ್ನ ಅಂಕಿಯನ್ನು ಇಳಿಸುತ್ತಿತ್ತು, ಬಾರದೇ ಇದ್ದದ್ದು ಇಳಿಸುತ್ತಿರಲಿಲ್ಲ. ತಡವಾಗುವುದಕ್ಕಿಂತ ಬಾರದಿರುವುದೇ ಮೇಲು ಎಂಬ ನೀತಿಯನ್ನು ನಾನು ಒಂದು ಸಾಲಿನಲ್ಲಿ ಬರೆದಿದ್ದೆ, ಅದೂ ಕಡತ ಶುಚಿಗೊಳಿಸುತ್ತಿದ್ದೇನೆ ಅಂದುಕೊಂಡು.

ಇದು ನನ್ನೊಬ್ಬಳ ಅಜ್ಞಾನವೂ ಅಲ್ಲ. ಜರ್ಮನ್ ರೈಲ್ವೆಯ ಸಮಯಪಾಲನೆಯ ಅಂಕಿಯಲ್ಲಿ ರದ್ದಾದ ರೈಲುಗಳು ಸೇರುವುದಿಲ್ಲ. ಬಹಳ ತಡವಾದ ರೈಲನ್ನು ಕೊನೆಯ ಊರಿಗೆ ಒಯ್ಯದೆ ನಡುವಿನಲ್ಲೇ ತಿರುಗಿಸಿ, ಮರಳಿ ಹೋಗುವಾಗ ಸಮಯಕ್ಕೆ ಸರಿಮಾಡಿಕೊಳ್ಳುವುದೂ ಅಲ್ಲಿ ಉಂಟು. ಮರಳುವ ರೈಲಿನಲ್ಲಿರುವವರಿಗೆ ಅದು ಉಪಕಾರವೇ. ಉಳಿದ ನಿಲ್ದಾಣಗಳಲ್ಲಿ ಕಾಯುತ್ತಿದ್ದವರಿಗೆ ಅದು ಬಾರದ ರೈಲು. ನಮ್ಮಲ್ಲಿ ಇದರ ಚಿಕ್ಕ ರೂಪ ದಿನಾ ಕಾಣಸಿಗುತ್ತದೆ. ತಡವಾದ ಬಸ್ಸು ಶಾಲೆಯ ಎದುರಿನ ಸ್ಟಾಪಿನಲ್ಲಿ, ಪಾಸು ಹಿಡಿದ ಮಕ್ಕಳು ಕೈ ತೋರಿಸುತ್ತಿದ್ದರೂ ನಿಲ್ಲದೆ ಹೋಗುತ್ತದೆ. ಮುಂದಿನ ನಿಲ್ದಾಣದ ಪುಸ್ತಕದಲ್ಲಿ ಅದರ ಸಮಯ ಸರಿಯಾಗಿ ಬೀಳುತ್ತದೆ. ಮಕ್ಕಳನ್ನು ಬಿಟ್ಟು ಬಂದದ್ದರಿಂದಲೇ ಅದು ಸರಿಯಾಯಿತು.

ಇನ್ನೊಂದು ವಿಷಯ ಹೊಳೆದದ್ದು ಅಮ್ಮನಿಂದ. ಅಮ್ಮ ಮೂಡುಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಸಂಜೆ ಸಿದ್ಧಕಟ್ಟೆಯ ಕಡೆಗೆ ಬಸ್ಸು ಹಿಡಿಯಬೇಕು. ತಡವಾದ ಬಸ್ಸನ್ನು ಅವಳು ಬೈಯುವುದು ಕಡಿಮೆ. ಬೈಯುವುದು ಬೇಗ ಹೋದ ಬಸ್ಸನ್ನು. ನಾಲ್ಕು ನಿಮಿಷ ತಡವಾದ ಬಸ್ಸಿಗೆ ಕಾಯುವವನು ನಾಲ್ಕೇ ನಿಮಿಷ ಕಳೆದುಕೊಳ್ಳುತ್ತಾನೆ. ನಾಲ್ಕು ನಿಮಿಷ ಮೊದಲೇ ಹೊರಟರೆ ಮುಂದಿನ ಬಸ್ಸಿನವರೆಗಿನ ಸಮಯವೆಲ್ಲ ಹೋಯಿತು. ಇಂಗ್ಲೆಂಡಿನ ಬಸ್ಸುಗಳ ಲೆಕ್ಕದಲ್ಲಿ ಈ ವಿವೇಕ ಇದೆ. ಅಲ್ಲಿ ಆರು ನಿಮಿಷದ ಹತ್ತಿರದವರೆಗೆ ತಡವಾಗಬಹುದು, ಒಂದು ನಿಮಿಷಕ್ಕಿಂತ ಹೆಚ್ಚು ಬೇಗ ಹೊರಡುವಂತಿಲ್ಲ. ನನ್ನ ಪುಟದಲ್ಲಾದರೆ ಬೇಗ ಹೊರಟದ್ದು ಕಾಣುವ ಹಾದಿಯೇ ಇರಲಿಲ್ಲ, ಏಕೆಂದರೆ ನಾನು ಹಿಡಿದಿದ್ದು ಬಂದ ಸಮಯದ ಅಂಕಣ. ಬಂದ ಸಮಯ ಇಳಿಯುವವನ ಕಾಳಜಿ. ಹತ್ತುವವನಿಗೆ ಬೇಕಾದ ಹೊರಟ ಸಮಯ ಪಕ್ಕದಲ್ಲೇ AB_PROGNOSE ಎಂಬ ಅಂಕಣದಲ್ಲಿತ್ತು.

ಇಷ್ಟಾದ ಮೇಲೆ ಕಾಗದ ತೆಗೆದುಕೊಂಡು ಒಂದು ಸಂಜೆಯನ್ನು ಕಲ್ಪಿಸಿ ಲೆಕ್ಕ ಹಾಕಿದೆ. ನಾಲ್ಕು ಬಸ್ಸುಗಳು: 5:30, 6:10, 6:50, 7:40. ಮೊದಲನೆಯದು ಸರಿಯಾಗಿ ಹೊರಟಿತು. ಎರಡನೆಯದು 6:06ಕ್ಕೇ ಹೋಯಿತು. ಮೂರನೆಯದು ಬರಲಿಲ್ಲ. ನಾಲ್ಕನೆಯದು 7:48ಕ್ಕೆ ಹೊರಟಿತು. ಬಸ್ಸಿನ ಕಡೆಯಿಂದ ನೋಡಿದರೆ ಓಡಿದ್ದು ಮೂರು. ಅವುಗಳ ವಿಳಂಬ ಸೊನ್ನೆ, ಋಣ ನಾಲ್ಕು, ಧನ ಎಂಟು. ಕೂಡಿಸಿ ಮೂರರಿಂದ ಭಾಗಿಸಿದರೆ ಸರಾಸರಿ ಒಂದೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಹದಿನೈದು ನಿಮಿಷದ ಗೆರೆ ಹಾಕಿದರೆ ನೂರಕ್ಕೆ ನೂರು.

ಈಗ ಒಂದೊಂದು ಸಮಯಕ್ಕೆ ಸರಿಯಾಗಿ ಬಂದು ನಿಂತ ಒಬ್ಬೊಬ್ಬರನ್ನು ನೋಡೋಣ. 5:30ರವರು ಕಾಯಲಿಲ್ಲ. 6:10ಕ್ಕೆ ಬಂದವರಿಗೆ ಆ ಬಸ್ಸು ತಪ್ಪಿತು, ಮುಂದಿನದು ಬರಲಿಲ್ಲ, ಸಿಕ್ಕಿದ್ದು 7:48ರದ್ದು: 98 ನಿಮಿಷ. 6:50ರವರಿಗೆ 58. 7:40ರವರಿಗೆ 8. ಒಟ್ಟು 164 ನಿಮಿಷ, ತಲೆಗೆ 41. ಅದೇ ಸಂಜೆ, ಅದೇ ಬಸ್ಸುಗಳು, ಒಂದು ಲೆಕ್ಕದಲ್ಲಿ ಒಂದು ನಿಮಿಷ ಚಿಲ್ಲರೆ, ಇನ್ನೊಂದರಲ್ಲಿ ನಲವತ್ತೊಂದು. ಎರಡರಲ್ಲೂ ಕೂಡಿಸುವ ತಪ್ಪಿಲ್ಲ. (ಮೂರು ಬಸ್ಸಿನ ಜನ ಒಂದರಲ್ಲೇ ತುಂಬಿ, ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋದದ್ದನ್ನು ನಾನು ಎರಡರಲ್ಲೂ ಸೇರಿಸಿಲ್ಲ.)

ಹಾಗಾದರೆ ಎರಡನೆಯದೇ ನಿಜವಾದ ಲೆಕ್ಕವೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಡಿಪೋದಲ್ಲಿ ಕೂತು ಚಾಲಕರನ್ನು ಹಂಚುವವರಿಗೆ ಮೊದಲನೆಯದೇ ಬೇಕು. ಯಾವ ಬಸ್ಸು ಎಲ್ಲಿ ನಿಧಾನವಾಯಿತು, ಗುರುವಾಯನಕೆರೆಯ ತಿರುವಿನಲ್ಲೋ ಬಿ.ಸಿ. ರೋಡಿನ ದಟ್ಟಣೆಯಲ್ಲೋ ಎಂದು ತಿಳಿಯದೆ ಅವರು ಏನನ್ನೂ ಸರಿಪಡಿಸಲಾರರು. ಅಲ್ಲದೆ ನನ್ನ 98 ನಿಮಿಷದಲ್ಲಿ ಮುಂದಿನ ಬಸ್ಸು ದೂರದಲ್ಲಿದ್ದ ತಪ್ಪೂ ಸೇರಿದೆ. ಅದು ಚಾಲಕನದ್ದಲ್ಲ, ಇಷ್ಟೇ ಬಸ್ಸು ಸಾಕೆಂದು ತೀರ್ಮಾನಿಸಿದವರದ್ದು. ಒಂದು ಅಂಕಿಯಲ್ಲಿ ಎರಡನ್ನೂ ಸೇರಿಸಿದರೆ ಕೊನೆಗೆ ಬೈಗುಳ ತಿನ್ನುವವನು ಚಾಲಕನೇ. ಆದರೂ ದಿನಪತ್ರಿಕೆಗೆ ಹೋಗುವ ಅಂಕಿ, ಸಭೆಯಲ್ಲಿ ಓದುವ ಅಂಕಿ ಯಾವುದು ಎಂದು ಕೇಳಿದರೆ, ಅದು ಕಾಯುವವರದ್ದಾಗಿರಬೇಕು ಎಂದೇ ನನ್ನ ಪಕ್ಷ. ವೇಳಾಪಟ್ಟಿ ಎಂಬುದು ಅವರಿಗೆ ಕೊಟ್ಟ ಮಾತು. ಮಾತು ತಪ್ಪಿದ್ದು ಎಷ್ಟು ಎಂಬುದನ್ನು ಮಾತು ಕೊಟ್ಟವನು ತನ್ನ ಅಳತೆಗೋಲಿನಲ್ಲಿ ಅಳೆದುಕೊಂಡರೆ ಸಾಲದು.

ಇನ್ನೂ ಲೆಕ್ಕಕ್ಕೆ ಸಿಗದ್ದು ಒಂದಿದೆ. ಅಮ್ಮ ದಿನವೂ ಬಸ್ಸಿಗಿಂತ ಹತ್ತು ನಿಮಿಷ ಮೊದಲೇ ಹೋಗಿ ನಿಲ್ಲುತ್ತಾಳೆ. ಬಸ್ಸು ಸರಿಯಾಗಿ ಬಂದ ದಿನವೂ ಆ ಹತ್ತು ನಿಮಿಷ ಹೋಗಿಯೇ ಹೋಗುತ್ತದೆ. ಬಸ್ಸನ್ನು ನಂಬಲಾರದ್ದಕ್ಕೆ ಅವಳು ಕಟ್ಟುವ ಕಂದಾಯ ಅದು. ಒಂದು ಸಾವಿರ ದಿನದ ಕಡತ ಸಿಕ್ಕರೂ ಅದರಲ್ಲಿ ಅದು ಇರುವುದಿಲ್ಲ. ಕಡತದಲ್ಲಿ ಇರುವುದು ಬಸ್ಸು ಏನು ಮಾಡಿತು ಎಂಬುದು, ಬಸ್ಸಿಗೆ ಹೆದರಿ ಜನ ಏನು ಮಾಡಿದರು ಎಂಬುದಲ್ಲ.

ಪುಟದಿಂದ ಹಸಿರು ಅಂಕಿ ತೆಗೆದೆ. ಈಗ ಪ್ರತಿ ನಿಲ್ದಾಣಕ್ಕೆ ಎರಡು ಸಾಲು ಇದೆ: ವಾಹನ ಎಷ್ಟು ತಡ, ಹೇಳಿದ ಸಮಯಕ್ಕೆ ಬಂದು ನಿಂತವರು ಎಷ್ಟು ಕಾದರು. ರದ್ದಾದವುಗಳನ್ನು ಮರಳಿ ಸೇರಿಸಿದ್ದೇನೆ. ಹೊರಟ ಸಮಯವನ್ನೇ ಹಿಡಿದಿದ್ದೇನೆ. ನೋಡಲು ಮೊದಲಿನಷ್ಟು ಚೆಂದವಿಲ್ಲ.

ಕಳೆದ ಬಾರಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಮ್ಮನಿಗೆ ತೋರಿಸಿದೆ. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಬಸ್ ಸ್ಟಾಪು, ಅಲ್ಲಿ ನಿನ್ನೆ ಸಂಜೆ ಜನ ಎಷ್ಟು ಕಾದರು ಎಂಬುದು. ಅವಳು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು.

"ನಿನ್ನೆಯದ್ದು ಗೊತ್ತಾಗಿ ನನಗೆಂತ ಆಗಬೇಕು ಮಗಾ, ಇವತ್ತು ಆರೂವರೆಯ ನಂತರ ನಮ್ಮ ಬಸ್ಸು ಉಂಟಾ ಇಲ್ವಾ, ಅದನ್ನು ಹೇಳುತ್ತದಾ ಇದು?"

ಇಲ್ಲ ಎಂದೆ. ಅವಳು ಗಡಿಯಾರ ನೋಡಿ, ಹತ್ತು ನಿಮಿಷ ಮೊದಲೇ ಹೊರಟಳು.